ಎಚ್ಚರಿಸಬೇಕು, ಕಲಿಸಬಾರದು: ‘ಡಿಜಿಟಲ್ ಅರೆಸ್ಟ್’ ಸುದ್ದಿಯಲ್ಲಿ ಏನನ್ನು ಬರೆಯಬೇಕು, ಏನನ್ನು ಬಿಡಬೇಕು

ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ, ಬಂಧಿಸುತ್ತೇವೆ ಎಂದು ಹೆದರಿಸಿ ದುಡ್ಡು ಕೀಳುವ ‘ಡಿಜಿಟಲ್ ಅರೆಸ್ಟ್’ ವಂಚನೆಗೆ ಅಜ್ಜಿಯೊಬ್ಬರು ಸಿಕ್ಕಿ ದುಡ್ಡು ಕಳೆದುಕೊಂಡರು ಅಂದಾಗ, ಸುದ್ದಿ ಬರೆಯುವವರ ಕೈಗೆ ಮೊದಲು ಸಿಗುವುದು ಪೊಲೀಸರ ಪ್ರಕಟಣೆ ಅಥವಾ ಎಫ್‌ಐಆರ್‌ನ ಸಾರಾಂಶ. ಕರೆ ಹೇಗೆ ಬಂತು, ಏನು ಕಥೆ ಹೇಳಿದರು, ಯಾವ ಕಾಗದ ತೋರಿಸಿದರು, ದುಡ್ಡನ್ನು ಎಲ್ಲೆಲ್ಲಿಗೆ ಸಾಗಿಸಿದರು, ಎಲ್ಲವೂ ಅದರಲ್ಲಿ ಒಂದಾದ ಮೇಲೊಂದರಂತೆ ಇರುತ್ತದೆ. ಪೊಲೀಸರು ಅದನ್ನು ಹಾಗೆ ಬರೆಯಲೇಬೇಕು, ಕೋರ್ಟಿನಲ್ಲಿ ನಿಲ್ಲಬೇಕಾದ ದಾಖಲೆ ಅದು. ಆದರೆ ಅದೇ ಕ್ರಮದಲ್ಲಿ ಕನ್ನಡಕ್ಕೆ ತಂದು ಪೇಪರಿಗೋ ವಾಟ್ಸಾಪಿಗೋ ಹಾಕಿದರೆ, ಓದುವವರ ಮುಂದೆ ಬರುವುದು ಕಳ್ಳನ ಕೆಲಸದ ವಿವರ. ಅಜ್ಜಿ ಏನು ಮಾಡಬಹುದಿತ್ತು ಅನ್ನುವುದು ಅದರಲ್ಲಿ ಎಲ್ಲೂ ಇರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ‘ಸೈಬರ್ ವಂಚಕರ ಬಗ್ಗೆ ಸಾರ್ವಜನಿಕರು ಎಚ್ಚರದಿಂದಿರಬೇಕು’ ಎಂದು ಒಂದು ಸಾಲು ಬರೆದು ಮುಗಿಸುವುದು. ಇದರಿಂದ ಕಳ್ಳ ಏನೂ ಕಲಿಯುವುದಿಲ್ಲ, ಸರಿ. ಅಜ್ಜಿಯೂ ಏನೂ ಕಲಿಯುವುದಿಲ್ಲ. ಎಪ್ಪತ್ತು ದಾಟಿದವರಿಗೆ ‘ಎಚ್ಚರ’ ಅಂದರೆ ಯಾವ ಹೊತ್ತಿನಲ್ಲಿ ಏನು ಮಾಡುವುದು ಅಂತ ಹೇಳಬೇಕಲ್ವಾ?

ಇವೆರಡರ ನಡುವೆ ಒಂದು ದಾರಿಯಿದೆ. ಫೋನಿನ ಎರಡು ತುದಿಗಳನ್ನು ಬೇರೆ ಬೇರೆ ಮಾಡಿ ನೋಡಿ. ಒಂದು ತುದಿಯಲ್ಲಿ ಹಿರಿಯರು ಕೂತಿದ್ದಾರೆ. ಅವರ ಕಿವಿಗೆ ಏನು ಬಿತ್ತು, ಅವರಿಂದ ಏನು ಕೇಳಿದರು, ಅವರಿಗೆ ಯಾವ ಭಯ ಹುಟ್ಟಿತು ಅನ್ನುವುದೆಲ್ಲ ಬರೆಯಬೇಕಾದ ವಿಷಯ. ಇನ್ನೊಂದು ತುದಿಯಲ್ಲಿ ಕಳ್ಳ ಕೂತಿದ್ದಾನೆ. ಅವರ ನಂಬರ್ ಅವನಿಗೆ ಎಲ್ಲಿ ಸಿಕ್ಕಿತು, ತನ್ನ ಗುರುತು ಹೇಗೆ ಮುಚ್ಚಿಕೊಂಡ, ದುಡ್ಡನ್ನು ಹೇಗೆ ದಾಟಿಸಿದ ಅನ್ನುವುದು ಪೊಲೀಸರಿಗೆ, ಬ್ಯಾಂಕಿಗೆ, ಟೆಲಿಕಾಂ ಕಂಪನಿಗೆ ಬೇಕು. ಓದುವವರು ಅದನ್ನು ತಿಳಿದು ಮಾಡುವುದೇನೂ ಇಲ್ಲ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ಓದಿದ್ದರೆ ಆ ಹಿರಿಯರು ಫೋನ್ ಕೆಳಗಿಡುತ್ತಿದ್ದರೇ? ಹೌದು ಅಂದರೆ ಇರಲಿ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಇದು ನಾನು ಕಟ್ಟಿದ್ದು, ಯಾರದೋ ನಿಜ ಕಥೆಯಲ್ಲ. ಆದರೆ ಇಂಥ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವ ಅಂಶಗಳೇ ಇದರಲ್ಲಿವೆ. ಮೈಸೂರಿನ 72 ವರ್ಷದ ನಿವೃತ್ತ ಶಿಕ್ಷಕಿ, ಒಬ್ಬರೇ ಇದ್ದಾರೆ. ಮಗ ಹೊರದೇಶದಲ್ಲಿ. ಪೊಲೀಸ್ ಅಧಿಕಾರಿ ಎಂದು ಹೇಳಿಕೊಂಡವನು ವಿಡಿಯೊ ಕರೆ ಮಾಡಿ, ನಿಮ್ಮ ಹೆಸರು ದೊಡ್ಡ ಕೇಸಿನಲ್ಲಿದೆ, ಇವತ್ತೇ ಬಂಧಿಸುತ್ತೇವೆ ಎಂದು ಹೆದರಿಸುತ್ತಾನೆ. ಎರಡು ದಿನ ಕರೆ ಕಟ್ ಆಗುವುದೇ ಇಲ್ಲ. ಮೂರನೇ ದಿನ ಅವರು ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸಿ, ಅವನು ಹೇಳಿದ ಖಾತೆಗೆ ಆರ್‌ಟಿಜಿಎಸ್ ಮಾಡುತ್ತಾರೆ. ವರದಿಗಾರರು ಕಳಿಸಿದ ಕರಡಿನಲ್ಲಿ ಆರು ಪ್ಯಾರಾ ಇದೆ ಅಂದುಕೊಳ್ಳಿ.

ಮೊದಲ ಪ್ಯಾರಾದಲ್ಲಿ ಆ ನಕಲಿ ಅಧಿಕಾರಿ ಹೇಳಿದ ಕೇಸಿನ ಕಥೆ ಪೂರ್ತಿಯಾಗಿ ಇದೆ. ಯಾವ ಇಲಾಖೆಯಿಂದ ಮೊದಲ ಕರೆ, ಅಲ್ಲಿಂದ ಯಾರಿಗೆ ವರ್ಗಾವಣೆ, ಯಾವ ಆರೋಪ. ಇದನ್ನು ಕತ್ತರಿಸಬೇಕು. ಕಳ್ಳರಿಗೆ ಮಾದರಿಯಾಗುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದು: ಕಥೆ ಬದಲಾಗುತ್ತಾ ಇರುತ್ತದೆ. ನಿಮ್ಮ ಹೆಸರಿನಲ್ಲಿ ಅಕ್ರಮ ಪಾರ್ಸೆಲ್ ಸಿಕ್ಕಿದೆ ಅಂತ ಬರುವ ಕರೆಯ ಬಗ್ಗೆ ವಿವರವಾಗಿ ಓದಿದ ಹಿರಿಯರು, ಪಾರ್ಸೆಲ್ ಅಂದರೆ ಮೋಸ ಎಂದು ನೆನಪಿಟ್ಟುಕೊಳ್ಳುತ್ತಾರೆ. ಮುಂದಿನ ಕರೆ ಸಿಮ್ ಕಾರ್ಡಿನ ಬಗ್ಗೆಯೋ ಆಧಾರ್ ಬಗ್ಗೆಯೋ ಬಂದಾಗ, ಇದು ಅದಲ್ಲ, ಇದು ನಿಜವಾದದ್ದು ಎಂದು ನಂಬುತ್ತಾರೆ. ಹಾಗಾಗಿ ಕಥೆಯನ್ನು ಒಂದೇ ವಾಕ್ಯಕ್ಕೆ ಇಳಿಸಬೇಕು: ಯಾವುದೋ ಅಪರಾಧದಲ್ಲಿ ನಿಮ್ಮ ಹೆಸರಿದೆ ಎಂದು ಹೆದರಿಸಿದ. ಅಷ್ಟು ಸಾಕು.

ಕಥೆ ಬದಲಾದರೂ ಬದಲಾಗದೆ ಉಳಿಯುವುದು ಮೂರು ಬೇಡಿಕೆ. ಕರೆ ಕಟ್ ಮಾಡಬೇಡಿ. ಯಾರಿಗೂ ಹೇಳಬೇಡಿ. ಪರಿಶೀಲನೆಗಾಗಿ ದುಡ್ಡು ಕಳಿಸಿ, ವಾಪಸ್ ಬರುತ್ತದೆ. ಈ ಮೂರನ್ನು ಮಾತ್ರ ಢಾಳಾಗಿ, ದೊಡ್ಡ ಅಕ್ಷರದಲ್ಲಿ, ಸುದ್ದಿಯ ಮೇಲ್ಭಾಗದಲ್ಲೇ ಕೊಡಬೇಕು. ಇವು ಬಹಿರಂಗವಾದರೆ ಕಳ್ಳನಿಗೆ ಲಾಭವಿಲ್ಲ. ಇವನ್ನು ಬಿಟ್ಟರೆ ಅವನ ಕೆಲಸವೇ ನಡೆಯುವುದಿಲ್ಲ, ಬದಲಾಯಿಸಲೂ ಆಗುವುದಿಲ್ಲ.

ಎರಡನೇ ಪ್ಯಾರಾ ತಾಂತ್ರಿಕ ವಿವರ. ಕರೆ ಎಲ್ಲಿಂದಲೋ ಬಂದಂತೆ ತೋರಿಸಲು ಏನು ಬಳಸಿದರು, ಹಿಂದಿನ ಗೋಡೆಯನ್ನು ಠಾಣೆಯಂತೆ ಕಾಣಿಸಲು ಏನೇನು ಇಟ್ಟಿದ್ದರು. ಪೂರ್ತಿ ಹೋಗಲಿ. ಬದಲಿಗೆ ಹಿರಿಯರ ಕಣ್ಣಿಗೆ ಕಂಡದ್ದನ್ನು ಬರೆಯಿರಿ: ಯೂನಿಫಾರ್ಮ್ ಇತ್ತು, ಠಾಣೆಯಂಥ ಕೋಣೆ ಇತ್ತು, ಅವರ ಹೆಸರು, ವಿಳಾಸ ಸರಿಯಾಗಿಯೇ ಹೇಳಿದ. ಹಾಗಿದ್ದರೂ ಅದು ನಿಜವಲ್ಲ. ನಿಮ್ಮ ವಿವರ ಗೊತ್ತಿರುವುದು ಅಧಿಕಾರಿ ಅನ್ನುವುದಕ್ಕೆ ಪುರಾವೆಯಲ್ಲ ಎಂಬ ಒಂದು ಮಾತು ಅವರಿಗೆ ತಲುಪಿದರೆ ಆ ಇಡೀ ಪ್ಯಾರಾದ ಕೆಲಸ ಆಯಿತು.

ಮೂರನೆಯದು ನಕಲಿ ಬಂಧನ ಆದೇಶದ ಫೋಟೊ. ಓದುಗರಿಗೆ ತೋರಿಸಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಪಕ್ಕದಲ್ಲಿ ‘ಇದು ನಕಲಿ ಎಂದು ಗುರುತಿಸುವುದು ಹೇಗೆ’ ಎಂದು ಕಾಗುಣಿತದ ತಪ್ಪು, ಮೊಹರಿನ ಬಣ್ಣ, ಸಹಿಯ ಜಾಗ ಅಂತ ಬಾಣ ಹಾಕಿ ತೋರಿಸುವುದೂ ಇದೆ. ಇದು ಎರಡು ಕಡೆಯಿಂದಲೂ ಕೆಟ್ಟದ್ದು. ತಪ್ಪು ಮಾಡಿದವನಿಗೆ ನಾವೇ ತಿದ್ದಿ ಕೊಟ್ಟಂತಾಗುತ್ತದೆ. ಇನ್ನೊಂದು ಕಡೆ, ತಪ್ಪಿಲ್ಲದ ಕಾಗದ ಬಂದ ದಿನ ಹಿರಿಯರು ಆ ಪಟ್ಟಿ ಹಿಡಿದು ಒಂದೊಂದೇ ನೋಡಿ, ಎಲ್ಲ ಸರಿ ಇದೆ, ಹಾಗಾದರೆ ಅಸಲಿಯೇ ಎಂದು ತೀರ್ಮಾನಿಸುತ್ತಾರೆ. ಹರಿಯಾಣದ ಅಂಬಾಲಾದ ವೃದ್ಧ ದಂಪತಿಗೆ ಸುಪ್ರೀಂ ಕೋರ್ಟಿನದ್ದೇ ನಕಲಿ ಆದೇಶ ತೋರಿಸಿ ಒಂದು ಕೋಟಿ ರೂಪಾಯಿಗೂ ಹೆಚ್ಚು ದೋಚಿದ್ದರು. ಆ ವಿಷಯವನ್ನು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಕಾಗದ ನೋಡಿ ನಿರ್ಧರಿಸಿ ಎಂದು ಯಾವ ಹಿರಿಯರಿಗೂ ಹೇಳಬಾರದು. ಲಾಂಛನ, ಮೊಹರು, ಸಹಿ ಎಲ್ಲ ಇರಬಹುದು, ಫೋನಿನಲ್ಲಿ ಬಂದ ಕಾಗದದ ಮೇಲೆ ದುಡ್ಡು ಕಳಿಸಬೇಡಿ ಎಂದಷ್ಟೇ ಹೇಳಬೇಕು. ಫೋಟೊ ಹಾಕಲೇಬೇಕೆಂದಿದ್ದರೆ ಅಕ್ಷರ ಓದಲು ಬಾರದಷ್ಟು ಮಸುಕು ಮಾಡಿ ಹಾಕಿ.

ನಾಲ್ಕನೇ ಪ್ಯಾರಾದಲ್ಲಿ ಬ್ಯಾಂಕಿನ ಘಟನೆ ಇದೆ. ನನ್ನ ಪ್ರಕಾರ ಇಡೀ ಸುದ್ದಿಯ ಜೀವ ಇಲ್ಲೇ ಇದೆ, ಇಲ್ಲೇ ಕತ್ತರಿ ತುಂಬಾ ನಾಜೂಕಾಗಿ ಓಡಬೇಕು. ಕೌಂಟರಿನಲ್ಲಿದ್ದ ಹುಡುಗಿ ಕೇಳಿದಳು, ‘ಯಾಕೆ ಮೇಡಂ ಇಷ್ಟೊಂದು ದುಡ್ಡು ಒಟ್ಟಿಗೆ ತೆಗೀತಿದ್ದೀರಾ?’ ಶಿಕ್ಷಕಿ ಒಂದು ಕಾರಣ ಹೇಳಿದರು. ಆ ಕಾರಣವನ್ನು ಕಳ್ಳನೇ ಹೇಳಿಕೊಟ್ಟಿದ್ದ. ಆ ಹೊತ್ತಿನಲ್ಲೂ ಫೋನ್ ಅವರ ಬ್ಯಾಗಿನಲ್ಲಿ ಕರೆಯಲ್ಲೇ ಇತ್ತು. ಕರಡಿನಲ್ಲಿ ಆ ಕಾರಣ ಏನೆಂದು ಪದ ಪದ ಬರೆದಿದೆ. ಅದು ಹೋಗಬೇಕು, ಏಕೆಂದರೆ ಯಾವ ಸುಳ್ಳು ಹೇಳಿದರೆ ಬ್ಯಾಂಕ್ ಸುಮ್ಮನಾಗುತ್ತದೆ ಅನ್ನುವುದು ಕಳ್ಳನಿಗೆ ಮಾತ್ರ ಬೇಕಾದ ಮಾಹಿತಿ. ಆದರೆ ಬ್ಯಾಂಕಿನವರು ಕೇಳಿದರೆ ಸುಳ್ಳು ಹೇಳಬೇಕೆಂದು ಹೇಳಿಕೊಟ್ಟಿದ್ದ ಅನ್ನುವ ವಾಕ್ಯ ಉಳಿಯಲೇಬೇಕು. ಬ್ಯಾಂಕಿಗೆ ಸುಳ್ಳು ಹೇಳಿ ಅನ್ನುವ ಪೊಲೀಸ್ ಅಧಿಕಾರಿ ಎಲ್ಲೂ ಇಲ್ಲ. ಆ ಒಂದು ಸಾಲು ಓದಿದ್ದವರಿಗೆ, ಕೌಂಟರಿನ ಮುಂದೆ ನಿಂತಾಗ, ಆ ಹುಡುಗಿ ಪ್ರಶ್ನೆ ಕೇಳಿದಾಗ, ಅದು ನೆನಪಾಗುವ ಸಾಧ್ಯತೆ ಇದೆ. ವಿವರ ಎರಡೂ ಕಡೆಗೆ ಉಪಯೋಗವಾಗುವಂತಿದ್ದಾಗ ಮಾಡಬೇಕಾದದ್ದು ಇದೇ. ಅದನ್ನು ಪೂರ್ತಿ ಬಿಡಬೇಡಿ, ಪೂರ್ತಿ ಹೇಳಲೂಬೇಡಿ. ಏನು ಮಾಡಿಸಿದ ಎಂದು ಹೇಳಿ, ಯಾವ ಮಾತಿನಿಂದ ಮಾಡಿಸಿದ ಎಂದು ಬಿಡಿ.

ಐದನೇ ಪ್ಯಾರಾ ದುಡ್ಡು ಹೋದ ದಾರಿ. ಎಷ್ಟು ಖಾತೆ, ಯಾವ ಊರು, ಎಷ್ಟೆಷ್ಟು ಮೊತ್ತಕ್ಕೆ ಒಡೆದರು, ಕೊನೆಗೆ ಏನಾಗಿ ಬದಲಾಯಿಸಿದರು. ತನಿಖೆಗೆ ಇದು ಮುಖ್ಯ, ಓದುಗರಿಗೆ ಇದರಿಂದ ಬೇಕಾದದ್ದು ಒಂದೇ ಅಂಶ: ದುಡ್ಡು ಬೇಗ ಬೇಗ ಖಾತೆಯಿಂದ ಖಾತೆಗೆ ಹರಿದುಹೋಗುತ್ತದೆ, ಆದ್ದರಿಂದ ದೂರು ಕೊಡುವುದರಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ರ ಕೆಲಸ ಏನು ಎಂದು ಬಿಡಿಸಿ ಹೇಳಬೇಕು. ಸುಮ್ನೆ ನಂಬರ್ ಕೊಟ್ಟರೆ ಸಾಲದು. ಅದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆ. ಕರೆ ಮಾಡಿ ವಿವರ ಕೊಟ್ಟರೆ, ದುಡ್ಡು ಹೋಗಿರುವ ಬ್ಯಾಂಕುಗಳಿಗೆ ಮಾಹಿತಿ ಹೋಗಿ, ಇನ್ನೂ ಖಾತೆಯಲ್ಲಿ ಉಳಿದಿರುವಷ್ಟು ದುಡ್ಡನ್ನು ಅಲ್ಲಲ್ಲೇ ತಡೆಹಿಡಿಯುತ್ತಾರೆ. ಮೊದಲು ಠಾಣೆಗೆ ಹೋಗಿ ಎಫ್‌ಐಆರ್ ಆಗಲಿ ಎಂದು ಕಾಯಬೇಕಿಲ್ಲ. ಕರೆ ಮಾಡುವಾಗ ಯಾವ ಬ್ಯಾಂಕ್, ಎಷ್ಟು ದುಡ್ಡು, ಎಷ್ಟು ಹೊತ್ತಿಗೆ, ವ್ಯವಹಾರದ ನಂಬರ್ ಏನು ಎಂದು ಕೇಳುತ್ತಾರೆ. ಪಾಸ್‌ಬುಕ್ ಮತ್ತು ಬ್ಯಾಂಕಿನಿಂದ ಬಂದ ಎಸ್‌ಎಂಎಸ್ ಕೈಯಲ್ಲಿರಲಿ. cybercrime.gov.in ನಲ್ಲೂ ದೂರು ಹಾಕಬಹುದು, ಆದರೆ ಹಿರಿಯರಿಗೆ ಫೋನೇ ಸುಲಭ. ಎಲ್ಲ ದುಡ್ಡೂ ವಾಪಸ್ ಸಿಗುತ್ತದೆ ಎಂದು ಬರೆಯಬೇಡಿ. ದಾಟಿಹೋದದ್ದು ಸಿಗದೆ ಹೋಗಬಹುದು. ಬೇಗ ಹೇಳಿದಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ ಅನ್ನುವುದೇ ಸತ್ಯ.

ಆರನೇ ಪ್ಯಾರಾದಲ್ಲಿ ಶಿಕ್ಷಕಿಯ ಬಡಾವಣೆ, ಅಡ್ಡರಸ್ತೆ, ಅವರು ಕೆಲಸ ಮಾಡಿದ ಶಾಲೆ, ಮಗ ಯಾವ ಕಂಪನಿಯಲ್ಲಿದ್ದಾನೆ, ಇನ್ನೂ ಎಷ್ಟು ದುಡ್ಡು ಬೇರೆ ಖಾತೆಯಲ್ಲಿದೆ ಎಂಬುದೆಲ್ಲ ಇದೆ. ಹೆಸರು ಮಾತ್ರ ಇಲ್ಲ. ಆದರೆ ಇಷ್ಟು ಸಿಕ್ಕರೆ ಹೆಸರು ಬೇಕೇ? ಒಮ್ಮೆ ಮೋಸ ಹೋದವರನ್ನು ಹುಡುಕಿಕೊಂಡು, ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎನ್ನುವ ಎರಡನೇ ಗುಂಪು ಬರುತ್ತದೆ. ಅವರಿಗೆ ವಿಳಾಸ ಕೊಟ್ಟವರು ನಾವೇ ಆಗಬಾರದು. ವಯಸ್ಸು, ಊರು, ನಿವೃತ್ತರು ಅನ್ನುವಷ್ಟು ಸಾಕು. ಹಾಗೆಯೇ, ಕರೆ ಬಂದ ನಂಬರ್ ಮತ್ತು ದುಡ್ಡು ಹೋದ ಖಾತೆಯ ಹೆಸರನ್ನೂ ಹಾಕಬೇಡಿ. ನಂಬರ್ ನಾಳೆ ಬದಲಾಗುತ್ತದೆ, ಖಾತೆ ಇನ್ಯಾರದೋ ಪಾಪದವರ ಹೆಸರಿನಲ್ಲಿರಬಹುದು.

ಇಷ್ಟೆಲ್ಲ ಕತ್ತರಿಸಿದರೆ ಜಾಗ ಖಾಲಿಯಾಗುತ್ತದೆ. ಆ ಜಾಗಕ್ಕೆ ಬರಬೇಕಾದದ್ದು ಕಾನೂನು, ಅದೂ ಅಜ್ಜಿಗೆ ತಿಳಿಯುವ ಹಾಗೆ. ಫೋನಿನಲ್ಲಿ, ವಿಡಿಯೊ ಕರೆಯಲ್ಲಿ ಯಾರನ್ನಾದರೂ ಬಂಧನದಲ್ಲಿಡುವ ವ್ಯವಸ್ಥೆ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪ್ರಧಾನಿಯೂ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಇದನ್ನೇ ಹೇಳಿದ್ದರು. ಪೊಲೀಸರು ವಿಚಾರಣೆಗೆ ಕರೆಯಲು ಕೊಡುವ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ನಿನ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟ ಮಾಡಿದೆ. ಇದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ, ಅದನ್ನು ಸುದ್ದಿಗಳಲ್ಲಿ ಯಾರೂ ಎತ್ತಿ ಹೇಳುವುದು ಕಾಣುವುದಿಲ್ಲ. ನಿಜವಾಗಿ ಬಂಧಿಸಿದರೆ, ಬಂಧಿಸಿದ ಪೊಲೀಸರೇ ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. ಬಂಧಿಸಿದ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಅಂದರೆ, ಮನೆಯವರಿಗೆ ತಿಳಿಸು ಅನ್ನುತ್ತದೆ ಕಾನೂನು. ಯಾರಿಗೂ ತಿಳಿಸಬೇಡ ಅನ್ನುತ್ತಾನೆ ಕಳ್ಳ. ಇಷ್ಟು ಗೊತ್ತಿದ್ದರೆ ಹಿರಿಯರಿಗೆ ಕಾಗದ, ಯೂನಿಫಾರ್ಮ್, ಇಂಗ್ಲಿಷ್ ಯಾವುದನ್ನೂ ಪರೀಕ್ಷೆ ಮಾಡುವ ಕಷ್ಟವಿಲ್ಲ.

ಹೇಳುವ ಉಪಾಯ ಅವರಿಂದ ಆಗುವಂಥದ್ದೂ ಇರಬೇಕು. ಗೊತ್ತಿಲ್ಲದ ನಂಬರ್ ಎತ್ತಬೇಡಿ ಅಂತ ಬರೆದರೆ ಅವರು ಪಾಲಿಸಲಾರರು. ಗ್ಯಾಸ್ ತರುವವರು, ಲ್ಯಾಬಿನವರು, ಆಸ್ಪತ್ರೆಯವರು ಎಲ್ಲರ ನಂಬರೂ ಗೊತ್ತಿಲ್ಲದ್ದೇ. ಕರೆ ಎತ್ತಲಿ, ಬಂಧನ, ದುಡ್ಡು ಅನ್ನುವ ಮಾತು ಬಂದ ಕೂಡಲೇ ಕಟ್ ಮಾಡಲಿ. ಕಟ್ ಮಾಡಿದರೆ ಏನಾಗುತ್ತದೋ ಎಂಬ ಭಯವೇ ಅವರನ್ನು ಎರಡು ದಿನ ಕೂರಿಸುವುದು, ಹಾಗಾಗಿ ಅದಕ್ಕೆ ಉತ್ತರ ಸುದ್ದಿಯಲ್ಲೇ ಇರಬೇಕು: ಕಟ್ ಮಾಡಿದ್ದು ಅಪರಾಧವಲ್ಲ, ಅದಕ್ಕಾಗಿ ಯಾರೂ ಬಂಧಿಸುವುದಿಲ್ಲ. ನಿಜವಾದ ಪೊಲೀಸರಿಗೆ ನಿಮ್ಮಿಂದ ಏನಾದರೂ ಬೇಕಿದ್ದರೆ ಮನೆಗೆ ಬರುತ್ತಾರೆ, ಆಗ ನಿಮ್ಮ ಪಕ್ಕದಲ್ಲಿ ಮನೆಯವರೋ ವಕೀಲರೋ ಇರಬಹುದು.

ಎಲ್ಲ ಸೇರಿಸಿದರೆ ಮೈಸೂರಿನ ಸುದ್ದಿಯ ಆರಂಭ ಹೀಗೆ ನಿಲ್ಲುತ್ತದೆ:

‘ಪೊಲೀಸ್ ಅಧಿಕಾರಿ ಎಂದು ಹೇಳಿಕೊಂಡು ವಿಡಿಯೊ ಕರೆ ಮಾಡಿದ ವ್ಯಕ್ತಿ, ಮೈಸೂರಿನ 72 ವರ್ಷದ ನಿವೃತ್ತ ಶಿಕ್ಷಕಿಯನ್ನು ಬಂಧನದ ಹೆಸರಿನಲ್ಲಿ ಹೆದರಿಸಿ ಅವರ ಎಫ್‌ಡಿ ಹಣ ದೋಚಿದ್ದಾನೆ. ಫೋನಿನಲ್ಲಿ ಬಂಧಿಸುವ ಅಧಿಕಾರ ಪೊಲೀಸರಿಗಾಗಲಿ, ಸಿಬಿಐಗಾಗಲಿ, ಕೋರ್ಟಿಗಾಗಲಿ ಇಲ್ಲ. ಇಂಥ ಕರೆ ಬಂದರೆ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಕರೆ ಕಟ್ ಮಾಡಬಾರದು, ಯಾರಿಗೂ ಹೇಳಬಾರದು, ಪರಿಶೀಲನೆಗಾಗಿ ದುಡ್ಡು ಕಳಿಸಬೇಕು, ಬ್ಯಾಂಕಿನವರು ಕೇಳಿದರೆ ಸುಳ್ಳು ಹೇಳಬೇಕು ಎಂದು ಶಿಕ್ಷಕಿಗೆ ಎರಡು ದಿನ ಒತ್ತಾಯ ಮಾಡಲಾಗಿತ್ತು. ಮಗನ ಕರೆ ಬಂದಾಗಲೂ ಅವರು ಏನೂ ಹೇಳಿರಲಿಲ್ಲ.’

ಕೊನೆಯ ಸಾಲು ಮಕ್ಕಳಿಗಾಗಿ. ಊರಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಈ ಸುದ್ದಿಯನ್ನು ಓದಿ ಮನೆಯ ಗ್ರೂಪಿಗೆ ಹಾಕುತ್ತಾರೆ. ಯಾವಾಗಲೂ ಮಾತಾಡುವ ಅಮ್ಮ ಎರಡು ದಿನ ‘ಆಮೇಲೆ ಮಾಡ್ತೀನಿ ಕಣೋ’ ಎಂದು ಫೋನ್ ಇಟ್ಟರೆ, ಪಕ್ಕದ ಮನೆಯವರನ್ನು ಕಳಿಸಿ ನೋಡಬೇಕು ಅಂತ ಅವರಿಗೆ ಹೊಳೆಯಲಿ.

ಹೆಡ್ಡಿಂಗ್ ಬಗ್ಗೆ ಒಂದು ಮಾತು. ‘ಕಂಡವರನ್ನು ನಂಬಿ ಕೋಟಿ ಕಳೆದುಕೊಂಡ ವೃದ್ಧೆ’ ಎಂದು ಹಾಕಿದರೆ ಓದುವವರು ಜಾಸ್ತಿ ಇರಬಹುದು. ಆದರೆ ಅದನ್ನು ಓದಿದ ಇನ್ನೊಬ್ಬ ಹಿರಿಯರು, ತಾವು ಮೋಸ ಹೋದದ್ದು ಗೊತ್ತಾದ ದಿನ, ಮಕ್ಕಳಿಗೆ ಹೇಳಲು ನಾಚಿಕೊಳ್ಳುತ್ತಾರೆ. ಆ ನಾಚಿಕೆಯಲ್ಲೇ 1930ಕ್ಕೆ ಕರೆ ಮಾಡುವ ಹೊತ್ತು ಕಳೆದುಹೋಗುತ್ತದೆ. ‘ನಂಬಿದರು’ ಬೇಡ, ‘ದೋಚಿದರು’ ಎಂದು ಬರೆಯಿರಿ. ಕೆಟ್ಟ ಕೆಲಸ ಮಾಡಿದವನು ವಾಕ್ಯದ ಮುಂದೆ ಬರಲಿ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಇಂಥ ವಂಚನೆಗೆ ಸಿಕ್ಕಿದ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನ ಬರೆಯಬಾರದು ಎಂಬ ನಿಯಮ ಪತ್ರಿಕೆಗಳಿಗೆ ಹೊಸದಲ್ಲ, ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಅದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಅಲ್ಲಿ ರೂಢಿಯಾಗಿರುವ ಸಂಯಮವನ್ನೇ ವಂಚನೆಯ ಸುದ್ದಿಗೂ ತಂದರಾಯಿತು. ದುಡ್ಡು ಕಳೆದುಕೊಂಡವರು ಮನಸ್ಸು ಕುಗ್ಗಿ ಕೂತಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು ಎಂಬುದನ್ನೂ 1930ರ ಪಕ್ಕದಲ್ಲೇ ಹಾಕಿ.

ಆದರೆ ವಿಧಾನ ಬರೆಯಬಾರದು ಅನ್ನುವುದನ್ನು ವ್ಯವಸ್ಥೆಯ ಲೋಪ ಮುಚ್ಚಲು ಬಳಸಿಕೊಳ್ಳಬಾರದು. ಒಬ್ಬ ಹಿರಿಯರು ಇಪ್ಪತ್ತು ವರ್ಷದ ಉಳಿತಾಯವನ್ನೆಲ್ಲ ಒಂದೇ ದಿನ, ಹಿಂದೆಂದೂ ದುಡ್ಡು ಕಳಿಸದ ಖಾತೆಗೆ ಕಳಿಸುತ್ತಿದ್ದಾಗ ಬ್ಯಾಂಕಿನಲ್ಲಿ ಯಾರಾದರೂ ಕೂರಿಸಿ ಮಾತಾಡಿಸಿದರೇ? ದುಡ್ಡು ತೆಗೆದುಕೊಂಡ ಖಾತೆಯನ್ನು ಯಾವ ಶಾಖೆ, ಏನು ನೋಡಿ ತೆರೆದುಕೊಟ್ಟಿತು? ದೂರು ಬಂದ ಮೇಲೆ ತಡೆಹಿಡಿಯಲು ಎಷ್ಟು ಹೊತ್ತಾಯಿತು? ಈ ಪ್ರಶ್ನೆಗಳನ್ನು ಕೇಳಲೇಬೇಕು, ಉತ್ತರ ಸಿಕ್ಕಿದರೆ ಬರೆಯಲೇಬೇಕು. ಕಾವಲು ತಪ್ಪಿದ್ದು ಯಾರ ಕೈಯಲ್ಲಿ ಅನ್ನುವುದನ್ನು ಬರೆಯಿರಿ. ಅದನ್ನು ದಾಟಿದ್ದು ಹೇಗೆ ಅನ್ನುವುದು ಬೇಡ. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿದಾಗ, ಇಂಥ ಖಾತೆ ತೆರೆದುಕೊಟ್ಟ ಬ್ಯಾಂಕ್ ಸಿಬ್ಬಂದಿಯ ಪಾತ್ರವನ್ನೂ ನೋಡಲು ಹೇಳಿತು. ನಮ್ಮ ಜಿಲ್ಲೆಯ ಒಂದೊಂದು ಪ್ರಕರಣದಲ್ಲೂ, ಮೊದಲ ದಿನದ ಸುದ್ದಿ ಮುಗಿದ ಮೇಲೆ ತಿಂಗಳು ಕಳೆದು ಮತ್ತೆ ಹೋಗಿ, ಎಷ್ಟು ದುಡ್ಡು ತಡೆಹಿಡಿಯಲಾಯಿತು, ಅದರಲ್ಲಿ ಎಷ್ಟು ಆ ಹಿರಿಯರ ಖಾತೆಗೆ ವಾಪಸ್ ಬಂತು ಎಂದು ಕೇಳಿ ಬರೆದರೆ, ಅದು ಬ್ಯಾಂಕಿನವರೂ ಪೊಲೀಸರೂ ಓದಲೇಬೇಕಾದ ಸುದ್ದಿ.